ಕೊಡಗಿಗೆ ಹೊಸದಾಗಿ ಬಂದವರಿಗಾಗಿ ಆಡುಮಾತಿನ ಕಿರುಕೈಪಿಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಗವಾಗಿ ಮಡಿಕೇರಿಗೋ ವಿರಾಜಪೇಟೆಗೋ ಬರುವ ಬ್ಯಾಂಕ್ ನೌಕರರು, ಆಸ್ಪತ್ರೆಯ ದಾದಿಯರು ಮತ್ತು ಹೋಂಸ್ಟೇ ಕೆಲಸಕ್ಕೆ ಸೇರುವ ಹುಡುಗರಿಗಾಗಿ ನಾವು ಕೆಲವರು ಸೇರಿ ಅರುವತ್ತು ಆಡುಮಾತುಗಳ ಕೈಪಿಡಿಯೊಂದನ್ನು ಮಾಡಿದ್ದೇವೆ. ಪ್ರತಿಯೊಂದು ಮಾತಿನ ಕೆಳಗೂ ಮೂರು ಗುರುತುಗಳಿವೆ: ಅದರ ಸಲುಗೆ ಎಷ್ಟು, ಅದನ್ನು ಯಾರೊಡನೆ ಆಡಬಹುದು, ಎಲ್ಲಿ ಆಡಬಾರದು. ಇಂಥದ್ದನ್ನೇ ತಮ್ಮ ಕಚೇರಿಗೋ ಶಾಲೆಗೋ ಮಾಡಿಕೊಳ್ಳಲು ಹೊರಟವರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಅರುವತ್ತೇ ಮಾತುಗಳು ಏಕೆ?

ಇದರ ಹಿಂದೆ ಇರುವುದು ಕಾಗದದ ಲೆಕ್ಕ. ಒಂದು ಎ4 ಹಾಳೆಯ ಎರಡೂ ಬದಿಗೆ ಮುದ್ರಿಸಿ ಎರಡು ಬಾರಿ ಮಡಿಸಿದರೆ ಅಂಗಿಯ ಜೇಬಿಗೆ ಹಿಡಿಸುವ ಎಂಟು ಪುಟಗಳಾಗುತ್ತವೆ. ಎರಡು ಹಾಳೆಗೆ ಹದಿನಾರು ಪುಟ. ರಕ್ಷಾಪುಟಕ್ಕೆ ಒಂದನ್ನು ಬಿಟ್ಟು ಉಳಿದ ಹದಿನೈದರಲ್ಲಿ ಪುಟಕ್ಕೆ ನಾಲ್ಕರಂತೆ ಹಾಕಿದರೆ ಅರುವತ್ತು ಬರುತ್ತದೆ. ಗುರುತುಗಳಿಲ್ಲದೆ ಬರೀ ಮಾತು ಮತ್ತು ಅರ್ಥವನ್ನು ಕೊಟ್ಟಿದ್ದರೆ ಇದೇ ಜಾಗದಲ್ಲಿ ಇನ್ನೂರನ್ನು ತುರುಕಬಹುದಿತ್ತು. ಮಾತಿನ ಎದುರು ಬರೆದ ಸಲುಗೆಯ ಒಂದು ಪದವನ್ನು ಬಿಟ್ಟರೆ ನಮ್ಮ ಮೊದಲ ಕರಡು ಹಾಗೆಯೇ ಇತ್ತು. ಅದರಿಂದ ಆದ ಎಡವಟ್ಟುಗಳನ್ನು ಮುಂದೆ ಹೇಳುತ್ತೇನೆ.

ನಿಘಂಟುಗಳಲ್ಲಿ ಇರುವಂತೆ ‘ಆಡುಮಾತು’, ‘ಗ್ರಾಮ್ಯ’ ಎಂದು ಗುರುತು ಹಾಕಿದರೆ ಸಾಲದೇ?

ಸಾಲದು. ‘ಗ್ರಾಮ್ಯ’ ಎಂಬ ಗುರುತು ಬರವಣಿಗೆಯಲ್ಲಿ ಆ ಪದ ಸಲ್ಲುತ್ತದೆಯೇ ಎಂಬುದನ್ನು ಹೇಳುತ್ತದೆಯೇ ಹೊರತು, ಎದುರಿಗೆ ನಿಂತವರಿಗೆ ಅದನ್ನು ಹೇಳಬಹುದೇ ಎಂಬುದನ್ನು ಹೇಳುವುದಿಲ್ಲ. ‘ಊಟ ಆಯ್ತಾ?’ ಎಂಬುದು ಆಡುಮಾತೇ, ಆದರೆ ಅದನ್ನು ಮನೆಯ ಯಜಮಾನರಿಗೂ ಕೇಳಬಹುದು, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರಿಗೂ ಕೇಳಬಹುದು. ‘ಏನ್ ಗುರು?’ ಎಂಬುದೂ ಆಡುಮಾತೇ, ಅದನ್ನು ಇವರಿಬ್ಬರಿಗೂ ಕೇಳುವಂತಿಲ್ಲ. ಎರಡಕ್ಕೂ ಒಂದೇ ಹಣೆಪಟ್ಟಿ ಅಂಟಿಸಿದರೆ ಹೊಸಬರು ಎರಡನ್ನೂ ಒಂದೇ ತೂಕದಲ್ಲಿ ಬಳಸುತ್ತಾರೆ.

ಸಲುಗೆಗೆ ಎಷ್ಟು ಮಟ್ಟಗಳನ್ನು ಇಡಬೇಕು?

ಮೂರು ಸಾಕು, ನಾವು ಅವನ್ನು ಸಲುಗೆ, ನಡು, ಮರ್ಯಾದೆ ಎಂದು ಕರೆದಿದ್ದೇವೆ. ಐದು ಮಟ್ಟಗಳನ್ನು ಇಟ್ಟು ನೋಡಿದಾಗ ಎರಡಕ್ಕೂ ಮೂರಕ್ಕೂ ನಡುವಿನ ಗೆರೆಯನ್ನು ಎಳೆಯಲು ನಮಗೇ ಬರಲಿಲ್ಲ. ಗುರುತು ಹಾಕುವವರೇ ತಡವರಿಸುವ ಮಟ್ಟವನ್ನು ಓದುವವರು ಹಿಡಿಯಲಾರರು.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಏಕವಚನ ಬಹುವಚನಗಳನ್ನೇ ಸಲುಗೆಯ ಅಳತೆಗೋಲು ಮಾಡಿಕೊಳ್ಳುವುದು. ‘ಬಾ’ ಎಂದರೆ ಸಲುಗೆ, ‘ಬನ್ನಿ’ ಎಂದರೆ ಮರ್ಯಾದೆ ಎಂದು ವಿಂಗಡಿಸಿದರೆ ಅರ್ಧ ಕೆಲಸ ಮುಗಿದಂತೆ ಕಾಣುತ್ತದೆ. ಆದರೆ ‘ಏನ್ರೀ, ಬನ್ರೀ ಇಲ್ಲಿ’ ಎಂಬುದರಲ್ಲಿ ಬಹುವಚನವಿದ್ದರೂ ಮರ್ಯಾದೆಯಿಲ್ಲ. ಮೊಮ್ಮಗನು ‘ಅಜ್ಜೀ, ಬಾ ಕೂತ್ಕೋ’ ಎಂದಾಗ ಏಕವಚನವಿದ್ದರೂ ಅಗೌರವವಿಲ್ಲ. ಆದ್ದರಿಂದ ಕ್ರಿಯಾಪದದ ರೂಪವನ್ನು ಒಂದು ಕಡೆ, ಮಾತಿನ ಭಾವವನ್ನು ಇನ್ನೊಂದು ಕಡೆ ಬರೆದುಕೊಂಡು, ಎರಡೂ ಹೊಂದದಿದ್ದಾಗ ಆ ಹೊಂದದಿರುವುದನ್ನೇ ಗುರುತಿನಲ್ಲಿ ಹೇಳಬೇಕು.

ಒಂದೇ ಒಂದು ಮಾತನ್ನು ತೆಗೆದುಕೊಂಡು ಗುರುತು ಹಾಕುವ ಕ್ರಮವನ್ನು ಪೂರ್ತಿಯಾಗಿ ತೋರಿಸುವಿರಾ?

‘ಎಂತ ಮಾರಾಯ್ರೆ’ ಎಂಬುದನ್ನು ತೆಗೆದುಕೊಳ್ಳೋಣ, ಏಕೆಂದರೆ ನಾವು ಎಡವಿದ್ದು ಅದರಲ್ಲೇ. ಕರಾವಳಿ ಮತ್ತು ಮಲೆನಾಡಿನ ಈ ಮಾತು ಸಂಪಾಜೆ ಘಾಟಿಯ ಈಚೆಗೂ ಧಾರಾಳವಾಗಿ ಕೇಳಿಸುತ್ತದೆ. ‘ಮಹಾರಾಯ’ ಎಂಬುದೇ ಸವೆದು ‘ಮಾರಾಯ’ ಆಗಿದೆ. ಗಂಡಸಿಗೆ ‘ಮಾರಾಯ’, ಹೆಂಗಸಿಗೆ ‘ಮಾರಾಯ್ತಿ’, ಬಹುವಚನದಲ್ಲಿ ಇಬ್ಬರಿಗೂ ‘ಮಾರಾಯ್ರೆ’. ಕೊನೆಯಲ್ಲಿ ‘ರೆ’ ಇರುವುದನ್ನು ಕಂಡು ಮೊದಲ ಕರಡಿನಲ್ಲಿ ನಾನು ಅದರ ಎದುರು ‘ಮರ್ಯಾದೆ’ ಎಂದು ಬರೆದುಬಿಟ್ಟೆ.

ದಕ್ಷಿಣ ಕೊಡಗಿನ ಒಂದು ಬ್ಯಾಂಕಿಗೆ ಆಗತಾನೆ ಬಂದಿದ್ದ ಯುವಕರೊಬ್ಬರು ಆ ಕರಡನ್ನು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರು. ಎಪ್ಪತ್ತು ದಾಟಿದ ತೋಟದ ಮಾಲೀಕರೊಬ್ಬರು ಕೌಂಟರಿಗೆ ಬಂದಾಗ ಇವರು ಬಹಳ ವಿನಯದಿಂದ, ‘ಪಾಸ್‌ಬುಕ್ ತಂದಿಲ್ವಾ ಮಾರಾಯ್ರೆ?’ ಎಂದು ಕೇಳಿದರು. ಹಿರಿಯರು ಏನೂ ಅನ್ನಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಎರಡಾಗಿ ಮಡಿಸಿ, ನೇರವಾಗಿ ಮ್ಯಾನೇಜರರ ಕೋಣೆಗೆ ನಡೆದರು. ತಪ್ಪು ಆ ಯುವಕರದ್ದಲ್ಲ, ನನ್ನ ಗುರುತಿನದ್ದು.

ಅನಂತರ ಕುಳಿತು ವಿಚಾರ ಮಾಡಿದಾಗ ತಿಳಿದದ್ದು ಇಷ್ಟು. ‘ಮಾರಾಯ್ರೆ’ ಎನ್ನುವವರು ‘ನಾನು ನಿಮಗೆ ಹತ್ತಿರದವನು’ ಎಂಬ ಹಕ್ಕನ್ನು ಮೊದಲೇ ಚಲಾಯಿಸಿರುತ್ತಾರೆ. ಅದರ ಜೊತೆಗೆ ಅಚ್ಚರಿ, ದೂರು, ಇಲ್ಲವೇ ಬೇಡಿಕೆ ಇದ್ದೇ ಇರುತ್ತದೆ. ‘ಎಂತ ಮಾರಾಯ್ರೆ, ಈಚೆಗೆ ಕಾಣ್ಲೇ ಇಲ್ಲ’ ಎಂಬಲ್ಲಿ ದೂರು ಪ್ರೀತಿಯದ್ದು. ‘ಎಂತ ಮಾರಾಯ್ರೆ, ಸಹಿಯೇ ಹಾಕಿಲ್ಲ’ ಎಂಬಲ್ಲಿ ಅದೇ ದೂರು ಗದರಿಕೆಯಾಗುತ್ತದೆ, ಏಕೆಂದರೆ ತಪ್ಪು ಎದುರಿನವರದ್ದು ಮತ್ತು ಅಧಿಕಾರ ಕೇಳುವವರದ್ದು. ಇನ್ನೊಂದು ಸೂಕ್ಷ್ಮವೂ ಇದೆ: ವಯಸ್ಸಿನಲ್ಲಿ ಅಂತರವಿದ್ದರೆ ಈ ಮಾತನ್ನು ಮೊದಲು ಆಡುವವರು ಹಿರಿಯರು, ಅವರು ಆಡಿದ ಮೇಲೆ ಕಿರಿಯರು ಆಡಿದರೆ ಅದು ಒಪ್ಪುತ್ತದೆ.

ಈಗ ಕೈಪಿಡಿಯಲ್ಲಿ ಅಚ್ಚಾಗಿರುವುದು ಹೀಗೆ:

ಮಾತು: ಎಂತ ಮಾರಾಯ್ರೆ
ಸಲುಗೆ: ನಡು. ರೂಪ ಬಹುವಚನದ್ದು, ಭಾವ ಸಲುಗೆಯದ್ದು.
ಯಾರೊಡನೆ: ಪರಿಚಯವಾಗಿರುವ ಸಮವಯಸ್ಕರು, ಜೊತೆಗೆ ಕೆಲಸ ಮಾಡುವವರು. ಹಿರಿಯರಾದರೆ ಅವರು ಮೊದಲು ಹೇಳಿದ ಮೇಲೆ.
ಎಲ್ಲಿ ಬೇಡ: ಕೌಂಟರಿನ ಆಚೆ ನಿಂತವರ ತಪ್ಪನ್ನು ತೋರಿಸುವಾಗ, ಮೊದಲ ಭೇಟಿಯಲ್ಲಿ.
ಬದಲಿಗೆ: ‘ಪಾಸ್‌ಬುಕ್ ತಂದಿದ್ದೀರಾ ಸರ್?’

ಕೊನೆಯ ಸಾಲನ್ನು ಗಮನಿಸಬೇಕು. ‘ಬೇಡ’ ಎಂದು ಹೇಳಿ ಸುಮ್ಮನಾದರೆ ಓದುವವರ ಬಾಯಿ ಕಟ್ಟಿದಂತಾಗುತ್ತದೆ. ಬದಲಿ ಮಾತು ಸಿಗದಿದ್ದರೆ ಆ ನಮೂದು ಇನ್ನೂ ಸಿದ್ಧವಾಗಿಲ್ಲವೆಂದೇ ನಾವು ತಿಳಿಯುತ್ತೇವೆ.

‘ಯಾರೊಡನೆ’ ಎಂಬ ಗುರುತಿನಲ್ಲಿ ಏನನ್ನು ಬರೆಯಬೇಕು, ಏನನ್ನು ಬರೆಯಬಾರದು?

ವಯಸ್ಸು, ಪರಿಚಯ, ಕೆಲಸದ ಸಂಬಂಧ ಈ ಮೂರನ್ನೇ ಬರೆಯಬೇಕು. ‘ಇಂಥ ಜನಾಂಗದವರೊಡನೆ ಹೀಗೆ ಮಾತನಾಡಿ’ ಎಂದು ಬರೆಯಲೇಬಾರದು. ಮೊದಲ ಸಭೆಯಲ್ಲಿ ಅಂಥ ಸಲಹೆಗಳು ಬಂದಿದ್ದವು, ಒಂದನ್ನೂ ಉಳಿಸಲಿಲ್ಲ. ಕೇಳಿಸಿಕೊಳ್ಳುವವರು ಯಾವ ಮನೆಯವರೆಂದು ಹೊಸಬರಿಗೆ ತಿಳಿಯುವುದೂ ಇಲ್ಲ, ಊಹಿಸಲು ಹೊರಟರೆ ಆಗುವ ಅವಮಾನ ಬೇರೆ.

ಆದರೆ ಮನೆಮಾತಿನ ಸಂಗತಿ ಬೇರೆ. ಇಲ್ಲಿ ಮನೆಯೊಳಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ಮುಂತಾದವನ್ನು ಆಡಿ, ಅಂಗಡಿ ಕಚೇರಿಗಳಲ್ಲಿ ಕನ್ನಡ ಆಡುವವರು ತುಂಬ ಜನ. ಅವರಲ್ಲಿ ಅನೇಕರ ಕನ್ನಡ ಶಾಲೆಯಲ್ಲಿ ಕಲಿತ ನೇರವಾದ ಕನ್ನಡ. ಬೆಂಗಳೂರಿನಲ್ಲಿ ಸ್ನೇಹದ ಸೂಚನೆಯಾದ ‘ಮಗಾ’, ‘ಗುರು’, ‘ಮಚ್ಚಾ’ ಇಲ್ಲಿನ ಹಿರಿಯರ ಕಿವಿಗೆ ಬರೀ ಒರಟಾಗಿ ಬೀಳುತ್ತವೆ. ಕಾಲೇಜು ಹುಡುಗರ ನಡುವೆ ಮಾತ್ರ ಅವು ಸರಾಗವಾಗಿ ಓಡಾಡುತ್ತವೆ. ಆದ್ದರಿಂದ ಇವುಗಳ ಎದುರು ‘ಪಟ್ಟಣದ ಹುಡುಗರ ಮಾತು’ ಎಂದು ಬರೆದಿದ್ದೇವೆ.

ಸಂಬೋಧನೆಗಳನ್ನೂ ಇದೇ ಗುರುತಿನಡಿ ತಂದಿದ್ದೇವೆ. ಆಟೋ ಚಾಲಕರಿಗೆ ‘ಅಣ್ಣ’, ತರಕಾರಿ ಮಾರುವವರಿಗೆ ‘ಅಕ್ಕ’ ಎಂದರೆ ಸಲ್ಲುತ್ತದೆ. ನಲವತ್ತರ ಒಳಗಿನ ಹೆಂಗಸರಿಗೆ ‘ಆಂಟಿ’ ಎಂದವರು ಸಾಮಾನ್ಯವಾಗಿ ಎರಡನೆಯ ಬಾರಿ ಹಾಗೆ ಹೇಳುವುದಿಲ್ಲ. ಸೇನೆಯಿಂದ ನಿವೃತ್ತರಾದವರು ಇಲ್ಲಿ ಬಹಳ ಮಂದಿ ಇದ್ದು, ಅವರನ್ನು ಊರಿನವರು ಇಂದಿಗೂ ‘ಕರ್ನಲ್’, ‘ಸುಬೇದಾರರು’ ಎಂದು ಹುದ್ದೆಯಿಂದಲೇ ಕರೆಯುವುದುಂಟು. ಊರಿನವರು ಹಾಗೆ ಕರೆಯುವುದನ್ನು ಕೇಳಿದ ಮೇಲೆ ನೀವೂ ಕರೆಯಬಹುದು, ಅದಕ್ಕಿಂತ ಮೊದಲು ‘ಸರ್’ ಸಾಕು.

ಊರಿನಲ್ಲಿ ನಿಜವಾಗಿ ಆಡುವ, ಆದರೆ ಹೊಸಬರು ಆಡಬಾರದ ಮಾತುಗಳನ್ನು ಸೇರಿಸಬೇಕೇ?

ಸೇರಿಸಬೇಕು, ಆದರೆ ‘ಕಿವಿಗೆ ಮಾತ್ರ’ ಎಂಬ ಗುರುತಿನೊಡನೆ. ತೋಟದ ಲೈನ್ ಮನೆಗಳ ಮುಂದೆ ಬೆಳಿಗ್ಗೆ ಕೆಲಸ ಹಂಚುವಾಗ, ತಮಗಿಂತ ಹಿರಿಯರಾದ ಕೆಲಸಗಾರರನ್ನೂ ‘ಬಾ’, ‘ಹೋಗು’ ಎಂದು ಏಕವಚನದಲ್ಲಿ ಕರೆಯುವುದು ಹಲವೆಡೆ ಹಳೆಯ ರೂಢಿ. ಕೇಳಿದವರಿಗೆ ಅದು ಏನೆಂದು ಅರ್ಥವಾಗಬೇಕು, ಆದರೆ ಅದನ್ನು ಕಲಿಸುವ ಕೆಲಸವನ್ನು ನಮ್ಮ ಕೈಪಿಡಿ ಮಾಡಬಾರದು. ರೂಢಿಯನ್ನು ದಾಖಲಿಸುವುದಷ್ಟೇ ನಿಮ್ಮ ಕೆಲಸ ಎಂದು ಒಬ್ಬರು ನನ್ನೊಡನೆ ವಾದಿಸಿದರು. ಅದು ನಿಘಂಟಿನ ಕೆಲಸ. ಜೇಬಿನಲ್ಲಿರುವ ಪುಸ್ತಕವನ್ನು ಜನ ನೋಡುವುದು ಬಾಯಿ ತೆರೆಯುವ ಮುಂಚೆ.

ಬೈಗುಳಗಳನ್ನು ಕಿವಿಗೂ ಸೇರಿಸಿಲ್ಲ. ಅವನ್ನು ಕಲಿಯಲು ಯಾರಿಗೂ ಪುಸ್ತಕ ಬೇಕಾಗಿಲ್ಲ.

‘ಎಲ್ಲಿ ಬೇಡ’ ಎಂಬುದು ಪ್ರತ್ಯೇಕ ಗುರುತೇಕೆ? ಸಲುಗೆ ಮತ್ತು ಯಾರೊಡನೆ ಎಂಬುದು ತಿಳಿದರೆ ಅದು ತಾನಾಗಿ ತಿಳಿಯುವುದಿಲ್ಲವೇ?

ತಿಳಿಯುವುದಿಲ್ಲ. ‘ಮತ್ತೆ ಬನ್ನಿ’ ಎಂಬ ಮಾತನ್ನೇ ನೋಡಿ. ಅದರಲ್ಲಿ ಮರ್ಯಾದೆಯಿದೆ, ಯಾವ ವಯಸ್ಸಿನವರಿಗೂ ಹೇಳಬಹುದು, ಹೋಂಸ್ಟೇಯ ಗೇಟಿನಲ್ಲಿ ನಿಂತು ಕೈಬೀಸಿ ಹೇಳಿದರೆ ಅತಿಥಿಗಳಿಗೆ ಸಂತೋಷವಾಗುತ್ತದೆ. ನಮ್ಮ ಮೊದಲ ಕರಡಿನಲ್ಲಿ ಬೀಳ್ಕೊಡುವುದಕ್ಕೆ ಇದ್ದದ್ದು ಇದೊಂದೇ ಮಾತು. ಹೊಸದಾಗಿ ಬಂದ ದಾದಿಯೊಬ್ಬರು, ಹನ್ನೆರಡು ದಿನ ಮಲಗಿದ್ದು ಮನೆಗೆ ಹೊರಟ ರೋಗಿಯ ಬಾಗಿಲಿಗೆ ಬಂದು ನಗುನಗುತ್ತಾ ಅದನ್ನೇ ಹೇಳಿದರು. ರೋಗಿಯ ಹೆಂಡತಿ, ‘ಬೇಡಮ್ಮಾ, ಇನ್ನು ಬರೋದೇ ಬೇಡ’ ಎಂದರಂತೆ. ಅವರು ನಕ್ಕರೆಂಬುದು ದಾದಿಯ ಪುಣ್ಯ. ಸಲುಗೆ ಸರಿ, ಜನ ಸರಿ, ತಪ್ಪಿದ್ದು ಜಾಗ.

‘ಹೋಗಿ ಬರ್ತೀನಿ’ ಎಂಬುದು ಇನ್ನೂ ಸೂಕ್ಷ್ಮ. ಹೊರಡುವಾಗ ‘ಹೋಗ್ತೀನಿ’ ಎಂದಷ್ಟೇ ಹೇಳುವುದು ಅಶುಭವೆಂದು ನಾವು ‘ಬರ್ತೀನಿ’ ಎನ್ನುತ್ತೇವೆ. ಎದ್ದು ಬಾಗಿಲ ಕಡೆ ನಡೆಯುತ್ತಿರುವವರು ‘ಬರ್ತೀನಿ’ ಎನ್ನುವುದನ್ನು ಕೇಳಿ ಹೊಸಬರು ಮೊದಮೊದಲು ಗಲಿಬಿಲಿಗೊಳ್ಳುತ್ತಾರೆ, ಬಳಿಕ ರೂಢಿಯಾಗಿ ಎಲ್ಲ ಕಡೆಯೂ ಹೇಳತೊಡಗುತ್ತಾರೆ. ಆಗಲೇ ಅಪಾಯ. ಸಾವಾದ ಮನೆಯಿಂದ ಹೊರಡುವಾಗ ಅದನ್ನು ಹೇಳುವುದಿಲ್ಲ, ‘ಮತ್ತೆ ಬರುತ್ತೇನೆ’ ಎನ್ನುವುದು ಇನ್ನೊಂದು ಸಾವನ್ನು ಕರೆದಂತೆ ಎಂದು ಹಿರಿಯರು ಭಾವಿಸುತ್ತಾರೆ. ಅಲ್ಲಿ ಬದಲಿ ಮಾತೂ ಇಲ್ಲ. ಮನೆಯವರ ಕಡೆ ನೋಡಿ, ಮಾತಿಲ್ಲದೆ ಎದ್ದು ಬರುವುದೇ ಕ್ರಮ. ಬದಲಿ ಇಲ್ಲದ ನಮೂದು ಸಿದ್ಧವಾಗಿಲ್ಲ ಎಂದು ಮೇಲೆ ಹೇಳಿದ ನಿಯಮಕ್ಕೆ ಇದೊಂದು ಅಪವಾದ. ಇಲ್ಲಿ ‘ಬದಲಿಗೆ: ಮೌನ’ ಎಂದೇ ಅಚ್ಚು ಹಾಕಿಸಿದ್ದೇವೆ.

ಮೂರನೆಯದು ‘ವಿಶೇಷ’. ‘ಏನ್ ವಿಶೇಷ?’ ಎಂದರೆ ಸಾಮಾನ್ಯವಾಗಿ ಏನು ಸಮಾಚಾರ ಎಂದಷ್ಟೇ. ಆದರೆ ಹೊಸದಾಗಿ ಮದುವೆಯಾದ ಹೆಣ್ಣುಮಗಳನ್ನು ‘ಏನಾದ್ರೂ ವಿಶೇಷ ಇದ್ಯಾ?’ ಎಂದು ಕೇಳಿದರೆ ಬಸಿರಾಗಿದ್ದೀಯಾ ಎಂದು ಕೇಳಿದಂತೆ. ಮದುವೆಯಾಗಿ ವರ್ಷಗಳಾಗಿದ್ದು ಮಕ್ಕಳಿಲ್ಲದವರಿಗೆ ಅದು ಎಲ್ಲಿ ತಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಏನ್ ಸಮಾಚಾರ?’ ಎಂಬುದಕ್ಕೆ ಈ ಎರಡನೆಯ ಅರ್ಥವಿಲ್ಲದ ಕಾರಣ ಅದನ್ನೇ ಬದಲಿಯಾಗಿ ಕೊಟ್ಟಿದ್ದೇವೆ.

ಈ ಮೂರರಲ್ಲೂ ‘ಎಲ್ಲಿ ಬೇಡ’ ಎಂಬುದನ್ನು ಕಣ್ಣಿಗೆ ಕಟ್ಟುವ ಒಂದು ಸನ್ನಿವೇಶವಾಗಿ ಬರೆದಿರುವುದನ್ನು ಗಮನಿಸಿ. ‘ಸೂಕ್ಷ್ಮ ಸಂದರ್ಭಗಳಲ್ಲಿ ಬಳಸಬೇಡಿ’ ಎಂದು ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಸಂದರ್ಭ ಸೂಕ್ಷ್ಮ ಎಂದು ಮೊದಲೇ ಗೊತ್ತಿದ್ದವರಿಗೆ ಕೈಪಿಡಿಯೇ ಬೇಕಾಗಿರಲಿಲ್ಲ.

ಧ್ವನಿಯ ಮೇಲೆ ಅರ್ಥ ಬದಲಾಗುವ ಮಾತುಗಳಿಗೆ ಗುರುತು ಹಾಕುವುದು ಹೇಗೆ?

ಧ್ವನಿಯನ್ನು ಬರೆದು ತೋರಿಸಲು ಹೋಗಬೇಡಿ, ಅದರ ಹಿಂದಿನ ಮಾತನ್ನು ಬರೆಯಿರಿ. ‘ಆಯ್ತು ಬಿಡಿ’ ಎಂಬುದನ್ನು ‘ಮೃದುವಾಗಿ ಹೇಳಿದರೆ ಸಮಾಧಾನ, ಗಡುಸಾಗಿ ಹೇಳಿದರೆ ತಿರಸ್ಕಾರ’ ಎಂದು ವಿವರಿಸಿದ್ದೆವು. ಕನ್ನಡದ ಮೃದು ಯಾವುದು, ಗಡುಸು ಯಾವುದು ಎಂದು ಹೊಸಬರ ಕಿವಿಗೆ ತಿಳಿಯಲಿಲ್ಲ. ಈಗ ಎರಡು ಸಂಭಾಷಣೆಗಳಿವೆ. ‘ಕ್ಷಮಿಸಿ, ತಡವಾಯ್ತು’ ಎಂದವರಿಗೆ ‘ಆಯ್ತು ಬಿಡಿ’ ಎಂದರೆ ಚಿಂತೆಯಿಲ್ಲ ಎಂದರ್ಥ. ‘ನನ್ನ ಅರ್ಜಿ ಏನಾಯ್ತು?’ ಎಂದವರಿಗೆ ಅದನ್ನೇ ಹೇಳಿದರೆ ಮಾತು ಸಾಕು, ಹೊರಡಿ ಎಂದರ್ಥ. ಆದ್ದರಿಂದ ಗುರುತು ಹೀಗಿದೆ: ಕ್ಷಮೆಗೆ ಉತ್ತರವಾಗಿ ಸರಿ, ಪ್ರಶ್ನೆಗೂ ದೂರಿಗೂ ಉತ್ತರವಾಗಿ ಬೇಡ.

‘ನೋಡೋಣ’ ಎಂಬುದನ್ನೂ ಹೀಗೆಯೇ ಬಿಡಿಸಿದ್ದೇವೆ. ಬೇಡಿಕೆಯೊಂದಕ್ಕೆ ಉತ್ತರವಾಗಿ ಬರುವ ‘ನೋಡೋಣ’ ಬಹುಪಾಲು ಇಲ್ಲ ಎಂಬುದರ ಸೌಮ್ಯ ರೂಪ. ಅದನ್ನು ನಂಬಿ ಮರುದಿನ ಬೆಳಿಗ್ಗೆಯೇ ಬಂದು ನಿಂತವರನ್ನು ನಾನು ಕಂಡಿದ್ದೇನೆ.

ಹಾಕಿದ ಗುರುತು ಸರಿಯೇ ಎಂದು ಪರೀಕ್ಷಿಸುವುದು ಹೇಗೆ?

ಒಂದು ಮಾತಿಗೆ ಐವರನ್ನು ಕೇಳುತ್ತೇವೆ: ಬೇರೆ ಬೇರೆ ವಯಸ್ಸಿನವರು, ಸಾಧ್ಯವಾದರೆ ಬೇರೆ ಬೇರೆ ತಾಲ್ಲೂಕಿನವರು. ಒಟ್ಟಿಗೆ ಕೂರಿಸಿ ಕೇಳುವುದಿಲ್ಲ, ಏಕೆಂದರೆ ಹಾಗೆ ಕೇಳಿದರೆ ಗುಂಪಿನ ಹಿರಿಯರ ಉತ್ತರವೇ ಎಲ್ಲರ ಉತ್ತರವಾಗುತ್ತದೆ. ‘ಇದು ಮರ್ಯಾದೆಯ ಮಾತೇ?’ ಎಂದೂ ಕೇಳುವುದಿಲ್ಲ. ಹಾಗೆ ಕೇಳಿದಾಗ ಜನ ಶಾಲೆಯಲ್ಲಿ ಕಲಿತದ್ದನ್ನು ಹೇಳುತ್ತಾರೆಯೇ ಹೊರತು ತಾವು ಮಾಡುವುದನ್ನು ಹೇಳುವುದಿಲ್ಲ. ಬದಲಿಗೆ ‘ಇದನ್ನು ನೀವು ಯಾರಿಗೆ ಹೇಳುವುದಿಲ್ಲ?’ ಎಂದು ಕೇಳಬೇಕು. ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ‘ಮಾವನಿಗೆ ಹೇಳಲ್ಲಪ್ಪ’, ‘ಮಗಳ ಟೀಚರ್ ಹತ್ರ ಹೇಳಲ್ಲ’ ಎಂದು ಒಂದೊಂದೇ ಹೊರಬರುತ್ತವೆ. ‘ಎಲ್ಲಿ ಬೇಡ’ ಎಂಬ ಸಾಲು ಹೆಚ್ಚುಕಡಿಮೆ ಅಲ್ಲಿಯೇ ಬರೆದು ಮುಗಿಯುತ್ತದೆ.

ಐವರಲ್ಲಿ ನಾಲ್ವರು ಒಪ್ಪಿದರೆ ಗುರುತು ನಿಲ್ಲುತ್ತದೆ. ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆಯಾದರೆ ಸರಾಸರಿ ತೆಗೆದು ‘ನಡು’ ಎಂದು ಬರೆಯುವ ಆಸೆ ಹುಟ್ಟುತ್ತದೆ, ಅದಕ್ಕೆ ಬಲಿಯಾಗಬೇಡಿ. ಯಾರು ಯಾವ ಕಡೆ ನಿಂತರೆಂದು ನೋಡಿ. ‘ಸಕ್ಕತ್’ ಎಂಬ ಮಾತಿಗೆ ಹೀಗೆ ಒಡಕು ಬಂದಾಗ, ಒಪ್ಪಿದವರೆಲ್ಲ ಮೂವತ್ತರ ಕೆಳಗಿನವರು, ಒಪ್ಪದವರಿಬ್ಬರೂ ಐವತ್ತು ದಾಟಿದವರು ಎಂದು ಕಂಡಿತು. ಆಗ ಆ ಒಡಕೇ ನಮಗೆ ಬೇಕಾದ ಗುರುತಾಯಿತು.

ಕೊಡವ ತಕ್ಕ್ ಮತ್ತು ಅರೆಭಾಷೆಯ ಮಾತುಗಳನ್ನು ಸೇರಿಸಿದ್ದೀರಾ?

ಈ ಕೈಪಿಡಿಯಲ್ಲಿ ಸೇರಿಸಿಲ್ಲ. ಮೊದಲ ಕಾರಣ, ಆ ಗುರುತುಗಳನ್ನು ಹಾಕಬೇಕಾದವರು ಅವನ್ನು ಮನೆಯಲ್ಲಿ ಆಡುವವರು, ಕನ್ನಡದ ನಾವಲ್ಲ. ಎರಡನೆಯದು ಲಿಪಿಯ ತೊಡಕು: ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರವೇ ಇಲ್ಲದ ಕಾರಣ, ಕನ್ನಡದಲ್ಲಿ ಬರೆದದ್ದನ್ನು ಓದಿದವರ ಬಾಯಲ್ಲಿ ಪದವೇ ಬೇರೆಯಾಗುತ್ತದೆ. ಧ್ವನಿಮುದ್ರಣವಿಲ್ಲದೆ ಅದನ್ನು ಕಲಿಸಲಾಗದು.

ಹೊಸಬರು ಒಂದೆರಡು ಮಾತು ಹೆಕ್ಕಿಕೊಂಡು ಬಳಸುವುದನ್ನು ತಡೆಯಲು ಸಾಧ್ಯವಿಲ್ಲವಾದ್ದರಿಂದ ಕೊನೆಯ ಪುಟದಲ್ಲಿ ಒಂದು ಎಚ್ಚರಿಕೆ ಮಾತ್ರ ಇದೆ. ‘ಪೊಲಿ ಪೊಲಿ ದೇವಾ’ ಎಂಬುದು ಪುತ್ತರಿಯಲ್ಲಿ ಹೊಸ ಭತ್ತದ ಕದಿರು ಕೊಯ್ಯುವಾಗ ಏಳುವ ಪ್ರಾರ್ಥನೆಯ ಕೂಗು. ಪ್ರವಾಸಿಗಳ ಊಟದ ಮೇಜಿನಲ್ಲಿ ಲೋಟ ಎತ್ತಿ ಅದನ್ನು ಕೂಗಿಸುವುದನ್ನು ನೋಡಿದ ಮೇಲೆ ಈ ಸಾಲನ್ನು ಬರೆದೆವು.

ಕೈಪಿಡಿಯನ್ನು ಎಷ್ಟು ದಿನಕ್ಕೊಮ್ಮೆ ತಿದ್ದಬೇಕು?

ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಪ್ರಶ್ನೆಗಳನ್ನು ಹಿಡಿದು ಹೋದರೆ ಉತ್ತರಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಪ್ರತಿಯೊಂದು ನಮೂದಿನ ಕೊನೆಯಲ್ಲಿ ಅದನ್ನು ಪರೀಕ್ಷಿಸಿದ ವರ್ಷವನ್ನು ಚಿಕ್ಕ ಅಕ್ಷರದಲ್ಲಿ ಹಾಕಿ. ಹುಡುಗರ ಮಾತುಗಳು ಬೇಗ ಹಳಸುತ್ತವೆ; ಈ ಸಲ ‘ಸಕ್ಕತ್’ ಎಂಬುದನ್ನು ತೋರಿಸಿದಾಗ ಕಾಲೇಜಿನ ಹುಡುಗಿಯೊಬ್ಬಳು, ‘ಅದನ್ನ ಈಗ ನಮ್ಮ ಅಪ್ಪ ಹೇಳ್ತಾರೆ’ ಎಂದಳು. ಮುಂದಿನ ಮುದ್ರಣದಲ್ಲಿ ಅದರ ‘ಯಾರೊಡನೆ’ ಸಾಲನ್ನು ಬದಲಿಸಬೇಕಾಗಿದೆ.